RBW ಎಷ್ಟು ಸಣ್ಣದಿರಬೇಕು? ದೊಡ್ಡ ಪೀಕ್ ಪಕ್ಕದ ಸಣ್ಣ ಪೀಕ್ ಹಿಡಿಯುವ ಲೆಕ್ಕ

ಪ್ರಶ್ನೆ: "ನನ್ನ ಬೋರ್ಡ್‌ನಲ್ಲಿ 100 ಮೆಗಾಹರ್ಟ್ಜ್ ಆಸಿಲೇಟರ್ ಇದೆ. ಅದರ ಸ್ವಿಚಿಂಗ್ ಪವರ್ ಸಪ್ಲೈ 25 ಕಿಲೋಹರ್ಟ್ಜ್‌ನಲ್ಲಿ ಓಡುತ್ತೆ. ಅದು ಆಸಿಲೇಟರ್ ಒಳಗೆ ಸೇರಿಕೊಳ್ತಿದೆಯಾ ಅಂತ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡ್ತಿದ್ದೇನೆ. ಸ್ಪ್ಯಾನ್ 200 ಕಿಲೋಹರ್ಟ್ಜ್, ರೆಸಲ್ಯೂಷನ್ ಬ್ಯಾಂಡ್‌ವಿಡ್ತ್, ಅಂದರೆ RBW, 10 ಕಿಲೋಹರ್ಟ್ಜ್ ಇಟ್ಟರೆ ಒಂದೇ ದೊಡ್ಡ ಗುಡ್ಡ, ತುದಿ −10 ಡಿಬಿಎಂ. RBW 100 ಹರ್ಟ್ಜ್ ಮಾಡಿದರೆ ಒಂದು ಸ್ವೀಪ್‌ಗೆ 50 ಸೆಕೆಂಡು ಅಂತ ತೋರಿಸ್ತು. ಕಾಯೋಕಾಗದೆ ಸ್ವೀಪ್ ಟೈಮ್ ಕೈಯಲ್ಲೇ 2 ಸೆಕೆಂಡಿಗೆ ಇಳಿಸಿದೆ. ಆಗ UNCAL, ಅಂದರೆ ಅಳತೆ ನಂಬಬೇಡಿ ಅನ್ನೋ ಎಚ್ಚರಿಕೆ ಬಂತು, ಪೀಕ್ −16.5ಕ್ಕೆ ಬಿತ್ತು, ಮಾರ್ಕರ್ ಅರ್ಧ ಕಿಲೋಹರ್ಟ್ಜ್ ಬಲಕ್ಕೆ ಸರೀತು. ಆದ್ರೆ ನಾಯ್ಸ್ ತುಂಬಾ ಕೆಳಗೆ ಹೋಗಿ, ಎರಡೂ ಕಡೆ ಸಣ್ಣ ಪೀಕ್‌ಗಳು ಕಂಡವು. ಯಾವುದನ್ನು ನಂಬಲಿ? RBW ಎಷ್ಟು ಸಣ್ಣದೋ ಅಷ್ಟು ಒಳ್ಳೇದು ಅಂತ ನನ್ನ ಸಹೋದ್ಯೋಗಿ ಹೇಳ್ತಾರೆ. ಹೌದಾ?"

ಉತ್ತರ: −10 ಡಿಬಿಎಂ ನಂಬಿ, −16.5 ಬಿಡಿ. ಎರಡು ಕಡೆ ಕಂಡ ಸಣ್ಣ ಪೀಕ್‌ಗಳು ಮಾತ್ರ ಬಹುಶಃ ನಿಜವೇ. ಒಂದೇ ಸ್ವೀಪ್‌ನಲ್ಲಿ ಒಂದು ಸುಳ್ಳು, ಇನ್ನೊಂದು ನಿಜ ಆಗೋದು ಹೇಗೆ ಅಂತ ಅನ್ನಿಸಬಹುದು. ಅದು ಅರ್ಥವಾದರೆ ನಿಮ್ಮ ಸಹೋದ್ಯೋಗಿಯ ಮಾತು ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು ಅನ್ನೋದೂ ಗೊತ್ತಾಗುತ್ತೆ.

ಮೊದಲು ಆ ಗುಡ್ಡದ ವಿಷಯ. ನಿಮ್ಮ ಆಸಿಲೇಟರ್ ಸಿಗ್ನಲ್ ತುಂಬಾ ತೆಳು, ಒಂದು ಗೆರೆಯಷ್ಟೇ. ಆದರೆ ಪರದೆಯ ಮೇಲೆ ಅದು ಅಗಲವಾದ ಗುಡ್ಡದಂತೆ ಕಾಣುತ್ತೆ. ಆ ಗುಡ್ಡದ ಆಕಾರ ನಿಮ್ಮ ಸಿಗ್ನಲ್‌ದಲ್ಲ. ಅದು ಅನಲೈಸರ್ ಒಳಗಿರುವ ಫಿಲ್ಟರ್‌ನ ಆಕಾರ. ಅನಲೈಸರ್ ಒಂದು ಫಿಲ್ಟರನ್ನು ಆವರ್ತನದ ಉದ್ದಕ್ಕೂ ಎಡದಿಂದ ಬಲಕ್ಕೆ ಸರಿಸುತ್ತಾ ಹೋಗುತ್ತೆ ಅಂತ ಇಟ್ಟುಕೊಳ್ಳಿ. (ನಿಜದಲ್ಲಿ ಫಿಲ್ಟರ್ ಒಂದೇ ಕಡೆ ಇರುತ್ತೆ, ಸಿಗ್ನಲ್ ಅದರ ಮುಂದೆ ಹಾದು ಹೋಗುತ್ತೆ. ಲೆಕ್ಕ ಎರಡಕ್ಕೂ ಒಂದೇ.) ಫಿಲ್ಟರ್‌ನ ಅಂಚು ನಿಮ್ಮ ಗೆರೆಯನ್ನು ಮುಟ್ಟುತ್ತಿದ್ದಂತೆ ಟ್ರೇಸ್ ಏರಲು ಶುರು. ನಡುಭಾಗ ಗೆರೆಯ ಮೇಲೆ ಬಂದಾಗ ತುದಿ. ದಾಟಿದ ಮೇಲೆ ಇಳಿಯುತ್ತೆ. ಹೀಗೆ ಗೆರೆ ಫಿಲ್ಟರನ್ನೇ ಬಿಡಿಸಿ ತೋರಿಸುತ್ತೆ. RBW ಅಂದರೆ ಈ ಫಿಲ್ಟರ್ ತುದಿಯಿಂದ 3 ಡಿಬಿ ಕೆಳಗೆ ಎಷ್ಟು ಅಗಲ ಇದೆ ಅನ್ನೋದು.

ಇದನ್ನು ಪರೀಕ್ಷಿಸೋದು ಸುಲಭ. RBW 10ರಿಂದ 3 ಕಿಲೋಹರ್ಟ್ಜ್‌ಗೆ ಇಳಿಸಿ. ಗುಡ್ಡದ ಅಗಲವೂ ಅದೇ ಪ್ರಮಾಣದಲ್ಲಿ ಕುಗ್ಗಿದರೆ ನೀವು ನೋಡ್ತಿದ್ದದ್ದು ಫಿಲ್ಟರ್. RBW ಬದಲಿಸಿದರೂ ಅಗಲ ಹಾಗೇ ಉಳಿದರೆ ಆ ಅಗಲ ನಿಮ್ಮ ಸಿಗ್ನಲ್‌ದು.

"RBW 10 ಕಿಲೋಹರ್ಟ್ಜ್, ನನ್ನ ಪೀಕ್‌ಗಳ ನಡುವೆ 25 ಕಿಲೋಹರ್ಟ್ಜ್ ಅಂತರ. ಹಾಗಾದರೆ ಬೇರೆ ಬೇರೆಯಾಗಿ ಕಾಣಬೇಕಲ್ವಾ?" ಅಂತ ತುಂಬಾ ಜನ ಕೇಳ್ತಾರೆ. ಎರಡೂ ಒಂದೇ ಎತ್ತರ ಇದ್ದಿದ್ದರೆ ಕಾಣುತ್ತಿತ್ತು. ಇಲ್ಲಿ ಒಂದು ದೈತ್ಯ, ಇನ್ನೊಂದು ಅದಕ್ಕಿಂತ ಸುಮಾರು 70 ಡಿಬಿ ಕೆಳಗಿರುವ ಪುಟ್ಟದು ಅಂತ ಇಟ್ಟುಕೊಳ್ಳೋಣ. ಪವರ್ ಸಪ್ಲೈ ಸೋರಿಕೆಗೆ ಇದು ಆಗಬಹುದಾದ ಮಟ್ಟವೇ. ಅಂದರೆ −80 ಡಿಬಿಎಂ. ಆಗ 3 ಡಿಬಿ ಅಗಲ ನೋಡಿ ಪ್ರಯೋಜನ ಇಲ್ಲ. ಗುಡ್ಡದ ಬುಡ ಎಷ್ಟು ಹರಡಿದೆ ಅನ್ನೋದು ಮುಖ್ಯ. ಹಳೆಯ ಸ್ವೆಪ್ಟ್ ಅನಲೈಸರ್‌ಗಳಲ್ಲಿರುವ ನಾಲ್ಕು ಪೋಲ್‌ಗಳ ಅನಲಾಗ್ ಫಿಲ್ಟರ್‌ನ ಲೆಕ್ಕ ಹಾಕಿದರೆ, RBW 10 ಕಿಲೋಹರ್ಟ್ಜ್ ಇದ್ದಾಗ 25 ಕಿಲೋಹರ್ಟ್ಜ್ ದೂರದಲ್ಲಿ ಅದರ ಇಳಿಜಾರು ತುದಿಗಿಂತ ಬರೀ 30 ಡಿಬಿ ಕೆಳಗಿರುತ್ತೆ. ನಿಮ್ಮ ಸಣ್ಣ ಪೀಕ್ 70 ಡಿಬಿ ಕೆಳಗಿದೆ. ಅದು ಗುಡ್ಡದ ಒಳಗೇ ಹೂತುಹೋಗಿದೆ. 3 ಕಿಲೋಹರ್ಟ್ಜ್‌ಗೆ ಇಳಿಸಿದರೆ ಅದೇ ಜಾಗದಲ್ಲಿ ಇಳಿಜಾರು 69 ಡಿಬಿ ಕೆಳಗೆ ಹೋಗುತ್ತೆ. ಆಗ ಸಣ್ಣದೊಂದು ಉಬ್ಬು ಕಂಡೀತು, ಅಳೆಯೋಕೆ ಆಗದು. 1 ಕಿಲೋಹರ್ಟ್ಜ್‌ನಲ್ಲಿ 107 ಡಿಬಿ. ಅಷ್ಟು ಹೊತ್ತಿಗೆ ಇಳಿಜಾರು ನಿಮ್ಮ ದಾರಿಯಿಂದ ಪೂರ್ತಿ ಸರಿದಿರುತ್ತೆ.

ಹೊಸ ಡಿಜಿಟಲ್ ಫಿಲ್ಟರ್‌ಗಳ ಬುಡ ಇದಕ್ಕಿಂತ ತುಂಬಾ ಕಿರಿದು. ಅನಲಾಗ್ ಫಿಲ್ಟರ್‌ನಲ್ಲಿ 60 ಡಿಬಿ ಅಗಲ 3 ಡಿಬಿ ಅಗಲದ ಹನ್ನೆರಡು ಪಟ್ಟು ಇದ್ದರೆ, ಡಿಜಿಟಲ್‌ನಲ್ಲಿ ನಾಲ್ಕೂವರೆ ಪಟ್ಟಿನ ಹತ್ತಿರ ಇರುತ್ತೆ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಸೆಲೆಕ್ಟಿವಿಟಿ ಅಥವಾ ಶೇಪ್ ಫ್ಯಾಕ್ಟರ್ ಅಂತ ಈ ಸಂಖ್ಯೆ ಕೊಟ್ಟಿರ್ತಾರೆ. RBW ಆರಿಸುವ ಮೊದಲು ಅದನ್ನೊಮ್ಮೆ ನೋಡಿಕೊಳ್ಳಿ.

ಇನ್ನು ನಾಯ್ಸ್. RBW ಇಳಿಸಿದಾಗ ಪರದೆಯ ಕೆಳಗಿನ ಹುಲ್ಲು ಕೆಳಗಿಳಿಯುತ್ತೆ. ಅದನ್ನು ನೋಡಿ "ನನ್ನ ಬೋರ್ಡ್‌ನ ನಾಯ್ಸ್ ಕಡಿಮೆ ಆಯ್ತು" ಅಂತ ಬರೆದುಕೊಂಡ ವರದಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೋರ್ಡ್‌ನಲ್ಲಿ ಏನೂ ಬದಲಾಗಿಲ್ಲ. ನಾಯ್ಸ್ ಎಲ್ಲ ಆವರ್ತನಗಳಲ್ಲೂ ಹರಡಿಕೊಂಡಿರುತ್ತೆ. ಫಿಲ್ಟರ್ ಅಗಲವಿದ್ದರೆ ಜಾಸ್ತಿ ನಾಯ್ಸ್ ಒಳಗೆ ಬರುತ್ತೆ, ಕಿರಿದಾದರೆ ಕಡಿಮೆ. ಹತ್ತನೇ ಒಂದು ಭಾಗ ಮಾಡಿದರೆ 10 ಡಿಬಿ ಇಳಿಯುತ್ತೆ. ಗೆರೆಯಂಥ ಸಿಗ್ನಲ್ ಹಾಗಲ್ಲ. ಅದರ ಶಕ್ತಿಯೆಲ್ಲ ಒಂದೇ ಜಾಗದಲ್ಲಿದೆ. ಫಿಲ್ಟರ್ ಅಗಲವಾಗಲಿ ಕಿರಿದಾಗಲಿ ಅದು ಪೂರ್ತಿಯಾಗಿ ಒಳಗೆ ಬರುತ್ತೆ, ಅದರ ಎತ್ತರ ಬದಲಾಗಲ್ಲ. ಇದರಿಂದಲೇ ಒಳ್ಳೇ ಪರೀಕ್ಷೆಯೊಂದು ಸಿಗುತ್ತೆ: RBW ಹತ್ತು ಪಟ್ಟು ಇಳಿಸಿ, ಸ್ವೀಪ್ ಟೈಮ್ ಆಟೋದಲ್ಲೇ ಇರಲಿ. 10 ಡಿಬಿ ಇಳಿದದ್ದು ನಾಯ್ಸ್. ಅಲ್ಲಾಡದೆ ನಿಂತದ್ದು ಗೆರೆ.

ನಿಮ್ಮ ವಿಷಯದಲ್ಲಿ ಎರಡು ಬಗೆಯ ನಾಯ್ಸ್ ಇದೆ. ಇವೆರಡನ್ನೂ ಬೇರೆ ಮಾಡಿ ನೋಡಬೇಕು. ಒಂದು, ಅನಲೈಸರ್‌ನ ಸ್ವಂತ ನಾಯ್ಸ್. ಕೋಣೆಯ ಉಷ್ಣತೆಯಲ್ಲಿ ಯಾವ ಉಪಕರಣಕ್ಕಾದರೂ 1 ಹರ್ಟ್ಜ್‌ಗೆ −174 ಡಿಬಿಎಂ ಉಷ್ಣ ನಾಯ್ಸ್ ಇದ್ದೇ ಇರುತ್ತೆ. ಅದರ ಮೇಲೆ ಅನಲೈಸರ್ ತನ್ನದನ್ನು ಸೇರಿಸುತ್ತೆ, ಇನ್‌ಪುಟ್ ಅಟೆನ್ಯುಯೇಟರ್ 10 ಡಿಬಿ ಇಟ್ಟರೆ ಇನ್ನೂ 10 ಡಿಬಿ ಮೇಲೇರುತ್ತೆ. ಉದಾಹರಣೆಗೆ ಎಲ್ಲ ಸೇರಿ 1 ಹರ್ಟ್ಜ್‌ಗೆ −140 ಡಿಬಿಎಂ ಅಂತ ಹಿಡಿಯೋಣ. RBW 1 ಕಿಲೋಹರ್ಟ್ಜ್ ಆದರೆ ಅದಕ್ಕೆ 30 ಕೂಡಿಸಿ: −110 ಡಿಬಿಎಂ. ನಿಮ್ಮ ಸಣ್ಣ ಪೀಕ್ −80ರಲ್ಲಿದೆ. 30 ಡಿಬಿ ಮೇಲೆ! ಅಂದರೆ ಈ ನಾಯ್ಸ್ ನಿಮಗೆ ತೊಂದರೆಯೇ ಅಲ್ಲ.

ತೊಂದರೆ ಕೊಡೋದು ಎರಡನೆಯದು, ಫೇಸ್ ನಾಯ್ಸ್. ಅನಲೈಸರ್ ಒಳಗಿನ ಆಸಿಲೇಟರ್ ಪೂರ್ತಿ ಸ್ಥಿರವಲ್ಲ. ಅದರ ನಡುಕ ನಿಮ್ಮ ದೊಡ್ಡ ಪೀಕ್‌ನ ಎರಡೂ ಬದಿಗೆ ಸೆರಗಿನಂತೆ ಹರಡುತ್ತೆ. 25 ಕಿಲೋಹರ್ಟ್ಜ್ ದೂರದಲ್ಲಿ ಅದು 1 ಹರ್ಟ್ಜ್‌ಗೆ ದೊಡ್ಡ ಪೀಕ್‌ಗಿಂತ 110 ಡಿಬಿ ಕೆಳಗೆ ಇದೆ ಅಂತ ಇಟ್ಟುಕೊಳ್ಳಿ. RBW 1 ಕಿಲೋಹರ್ಟ್ಜ್‌ನಲ್ಲಿ ಅದು 80 ಡಿಬಿ ಕೆಳಗೆ ಕಾಣುತ್ತೆ. ನಿಮ್ಮ ಸಣ್ಣ ಪೀಕ್ 70 ಡಿಬಿ ಕೆಳಗಿದೆ. ಬರೀ 10 ಡಿಬಿ ಅಂತರ. 10 ಕಿಲೋಹರ್ಟ್ಜ್‌ನಲ್ಲಿ ಎರಡೂ ಒಂದೇ ಮಟ್ಟ. ಹಾಗಾಗಿ ಡಿಜಿಟಲ್ ಫಿಲ್ಟರ್ ಇದ್ದು ಇಳಿಜಾರು ಅಡ್ಡ ಬರದಿದ್ದರೂ, 10 ಕಿಲೋಹರ್ಟ್ಜ್ RBWನಲ್ಲಿ ಈ ಪೀಕ್ ನಿಮಗೆ ಸರಿಯಾಗಿ ಸಿಗುತ್ತಿರಲಿಲ್ಲ.

10 ಡಿಬಿ ಅಂತರ ಸಾಕಾ? ಕಣ್ಣಿಗೆ ಕಾಣೋಕೆ ಸಾಕು. ಅಳೆಯುವಾಗ ಒಂದು ಮಾತು ನೆನಪಿರಲಿ. ಪೀಕ್ ಜಾಗದಲ್ಲಿ ನೀವು ಓದೋದು ಸಿಗ್ನಲ್ ಮತ್ತು ನಾಯ್ಸ್ ಎರಡೂ ಸೇರಿದ ಮೊತ್ತ. ನಾಯ್ಸ್ 10 ಡಿಬಿ ಕೆಳಗಿದ್ದರೆ ರೀಡಿಂಗ್ ಸುಮಾರು 0.4 ಡಿಬಿ ಜಾಸ್ತಿ ಬರುತ್ತೆ. 20 ಡಿಬಿ ಕೆಳಗಿದ್ದರೆ ಆ ತಪ್ಪು ಲೆಕ್ಕಕ್ಕೇ ಬರಲ್ಲ. ಅದಕ್ಕೇ RBW ಇನ್ನಷ್ಟು ಇಳಿಸುವ ಆಸೆ ಆಗೋದು. ಇಲ್ಲಿಯವರೆಗೆ ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ.

ಅವರು ಹೇಳದೆ ಬಿಟ್ಟದ್ದು ಸಮಯದ ವಿಷಯ. ಕಿರಿದಾದ ಫಿಲ್ಟರ್ ನಿಧಾನ. ಒಂದು ಭಾರವಾದ ಉಯ್ಯಾಲೆಯನ್ನು ನೆನೆಸಿಕೊಳ್ಳಿ. ಒಂದೇ ತಳ್ಳಿಗೆ ಅದು ಪೂರ್ತಿ ಎತ್ತರಕ್ಕೆ ಹೋಗಲ್ಲ. ಲಯಕ್ಕೆ ಸರಿಯಾಗಿ ಒಂದರ ಹಿಂದೆ ಒಂದು ತಳ್ಳುತ್ತಾ ಇರಬೇಕು. ಫಿಲ್ಟರ್ ಕೂಡ ಹಾಗೇ. ಒಳಗೆ ಬಂದ ಸಿಗ್ನಲ್‌ಗೆ ತಕ್ಕಂತೆ ಅದು ಪೂರ್ತಿ ಏರೋಕೆ ಸಮಯ ಬೇಕು. ಅಗಲ ಹತ್ತು ಪಟ್ಟು ಕಡಿಮೆಯಾದರೆ ಆ ಸಮಯ ಹತ್ತು ಪಟ್ಟು ಹೆಚ್ಚುತ್ತೆ. ಅದು ಮೊದಲ ಹತ್ತು. ಎರಡನೇ ಹತ್ತು ಬರೋದು ಬೇರೆ ಕಡೆಯಿಂದ. ಫಿಲ್ಟರೇ ಹತ್ತು ಪಟ್ಟು ಕಿರಿದಾಯ್ತಲ್ಲ, ಅದೇ ವೇಗದಲ್ಲಿ ಸ್ವೀಪ್ ಮಾಡಿದರೆ ಸಿಗ್ನಲ್ ಅದರೊಳಗೆ ಇರುವ ಹೊತ್ತೂ ಹತ್ತನೇ ಒಂದು ಭಾಗ. ಏರೋಕೆ ಜಾಸ್ತಿ ಹೊತ್ತು ಬೇಕು, ಸಿಗೋದು ಕಡಿಮೆ ಹೊತ್ತು. ಎರಡೂ ಸೇರಿ ನೂರು ಪಟ್ಟು. ಸೂತ್ರದಲ್ಲಿ RBWಗೆ ವರ್ಗ ಬಂದಿರೋದು ಇದರಿಂದಲೇ:

```
sweep time = k × span / RBW²
```

ಇಲ್ಲಿ k ಫಿಲ್ಟರ್ ಮೇಲೆ ನಿಂತಿರುತ್ತೆ. ಗಂಟೆಯಾಕಾರದ ಅನಲಾಗ್ ಫಿಲ್ಟರ್‌ಗಳಿಗೆ 2ರಿಂದ 3. ನಿಮ್ಮದು 50 ಸೆಕೆಂಡು ಕೇಳಿದೆ ಅಂದರೆ ಅದು 2.5 ಇಟ್ಟುಕೊಂಡಿದೆ. ನಿಮ್ಮ 200 ಕಿಲೋಹರ್ಟ್ಜ್ ಸ್ಪ್ಯಾನ್‌ಗೆ ಲೆಕ್ಕ ಹಾಕಿ ನೋಡಿ. RBW 10 ಕಿಲೋಹರ್ಟ್ಜ್‌ಗೆ 5 ಮಿಲಿಸೆಕೆಂಡು. 1 ಕಿಲೋಹರ್ಟ್ಜ್‌ಗೆ ಅರ್ಧ ಸೆಕೆಂಡು. 100 ಹರ್ಟ್ಜ್‌ಗೆ 50 ಸೆಕೆಂಡು. 10 ಹರ್ಟ್ಜ್‌ಗೆ 5000 ಸೆಕೆಂಡು, ಅಂದರೆ ಒಂದು ಗಂಟೆ 23 ನಿಮಿಷ! ಪ್ರತಿ ಹೆಜ್ಜೆಗೂ ನಾಯ್ಸ್ 10 ಡಿಬಿ ಇಳಿಯುತ್ತೆ, ಕಾಯುವ ಹೊತ್ತು ನೂರು ಪಟ್ಟು ಏರುತ್ತೆ.

ಈಗ ನಿಮ್ಮ 2 ಸೆಕೆಂಡಿನ ಸ್ವೀಪ್‌ಗೆ ಬರೋಣ. ಬೇಕಾದದ್ದು 50, ಕೊಟ್ಟದ್ದು 2. ಇಪ್ಪತ್ತೈದು ಪಟ್ಟು ಅವಸರ. ಫಿಲ್ಟರ್ ಅರ್ಧ ಏರುವಷ್ಟರಲ್ಲಿ ಸಿಗ್ನಲ್ ದಾಟಿ ಹೋಯಿತು, ಅದಕ್ಕೆ ತುದಿ ಕುಸಿಯಿತು. ಗಂಟೆಯಾಕಾರದ ಫಿಲ್ಟರ್‌ಗೆ ಇಷ್ಟು ಅವಸರ ಮಾಡಿದರೆ ಲೆಕ್ಕದ ಪ್ರಕಾರ 6.6 ಡಿಬಿ ನಷ್ಟ. ನಿಮಗೆ ಬಂದದ್ದು 6.5. ಫಿಲ್ಟರ್ ಪ್ರತಿಕ್ರಿಯೆ ಕೆಲವು ಮಿಲಿಸೆಕೆಂಡು ತಡ. ನೀವು ಸೆಕೆಂಡಿಗೆ 100 ಕಿಲೋಹರ್ಟ್ಜ್ ವೇಗದಲ್ಲಿ ಓಡಿಸ್ತಿದ್ದಿರಿ. ಐದು ಮಿಲಿಸೆಕೆಂಡು ತಡ ಆದರೆ ಅರ್ಧ ಕಿಲೋಹರ್ಟ್ಜ್ ಮುಂದೆ ಹೋಗಿರುತ್ತೆ. ಮಾರ್ಕರ್ ಬಲಕ್ಕೆ ಸರಿದದ್ದು ಅದಕ್ಕೇ. ಜೊತೆಗೆ ಪೀಕ್ ಅಗಲವಾಗಿಯೂ ಇರುತ್ತೆ. ಪರದೆಯಲ್ಲಿ RBW 100 ಹರ್ಟ್ಜ್ ಅಂತ ಬರೆದಿದ್ದರೂ ನಿಮಗೆ ಸಿಕ್ಕ ನಿಜವಾದ ರೆಸಲ್ಯೂಷನ್ ಸುಮಾರು 450 ಹರ್ಟ್ಜ್.

ಹಾಗಿದ್ದರೂ ಬದಿಯ ಪೀಕ್‌ಗಳು ನಿಜ ಇರಬಹುದು ಅಂತ ಯಾಕೆ ಹೇಳಿದೆ? ಅವಸರದ ನಷ್ಟ ಎಲ್ಲ ಗೆರೆಗಳಿಗೂ ಒಂದೇ. ದೊಡ್ಡದು 6.5 ಡಿಬಿ ಬಿದ್ದರೆ ಸಣ್ಣವೂ ಅಷ್ಟೇ ಬೀಳುತ್ತವೆ. ಎರಡರ ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ ಹಾಗೇ ಉಳಿಯುತ್ತೆ. ನಾಯ್ಸ್ ಮಾತ್ರ ಬೀಳಲ್ಲ. ಸ್ವೀಪ್ ವೇಗ ಎಷ್ಟೇ ಇರಲಿ ಅದು ಫಿಲ್ಟರ್ ಒಳಗೆ ಯಾವಾಗಲೂ ತುಂಬಿಕೊಂಡೇ ಇರುತ್ತೆ. ಹಾಗಾಗಿ ನೀವು ಅವಸರ ಮಾಡಿ ಕಳೆದುಕೊಂಡದ್ದು ಏನು ಗೊತ್ತಾ? RBW ಇಳಿಸಿ ಗಳಿಸಿದ್ದರಲ್ಲೇ 6.5 ಡಿಬಿ. 100 ಹರ್ಟ್ಜ್ ಇಟ್ಟು 2 ಸೆಕೆಂಡು ಓಡಿಸಿದರೆ, 450 ಹರ್ಟ್ಜ್ ಇಟ್ಟು ಸರಿಯಾಗಿ ಓಡಿಸಿದಷ್ಟೇ ಫಲ. ಅದೂ ತಪ್ಪು ಎತ್ತರ, ತಪ್ಪು ಜಾಗದೊಂದಿಗೆ. 450ಕ್ಕೆ ಸೂತ್ರ ಕೇಳುವ ಸಮಯ ಸುಮಾರು ಎರಡೂವರೆ ಸೆಕೆಂಡು. ಅರ್ಧ ಸೆಕೆಂಡು ಉಳಿಸಿ ಅಳತೆಯನ್ನೇ ಕಳೆದುಕೊಂಡ ಹಾಗಾಯ್ತು.

ನಾನೂ ಕೆಲಸ ಶುರು ಮಾಡಿದ ಹೊಸದರಲ್ಲಿ ಇದೇ ತಪ್ಪು ಮಾಡಿದ್ದೆ. ಒಂದು ಟ್ರಾನ್ಸ್‌ಮಿಟರ್‌ನ ಬೇಡದ ಪೀಕ್‌ಗಳನ್ನು ಡಿಬಿಎಂನಲ್ಲಿ ಬರೆದುಕೊಳ್ಳಬೇಕಿತ್ತು. ಹಿಂದಿನ ದಿನ ಯಾರೋ ಸ್ವೀಪ್ ಟೈಮ್ ಕೈಯಲ್ಲಿ ಇಟ್ಟು ಹೋಗಿದ್ದರು. ನಾನು RBW ಇಳಿಸಿದೆ, ಸಮಯ ಹಾಗೇ ನಿಂತಿತು. ಆ ಹಳೇ ಯಂತ್ರದಲ್ಲಿ ಎಚ್ಚರಿಕೆ ಬರ್ತಿದ್ದದ್ದು ಪರದೆಯ ಮೂಲೆಯಲ್ಲಿ, ಚಿಕ್ಕ ಅಕ್ಷರದಲ್ಲಿ. ನಾನು ಗಮನಿಸಲಿಲ್ಲ. ಎಲ್ಲ ಪೀಕ್‌ಗಳೂ ಮಿತಿಯ ಒಳಗೆ ಅಂತ ಬರೆದೆ. ಮೂರು ವಾರದ ಮೇಲೆ ಇನ್ನೊಂದು ಲ್ಯಾಬ್‌ನಲ್ಲಿ ಅದೇ ಟ್ರಾನ್ಸ್‌ಮಿಟರ್ 4 ಡಿಬಿ ಮಿತಿ ಮೀರಿತು. ಅಂದಿನಿಂದ ಇಂದಿನವರೆಗೂ ಯಾವುದೇ ಅಳತೆಗೆ ಮೊದಲು ಯಂತ್ರವನ್ನು ಪ್ರಿಸೆಟ್ ಮಾಡಿ, RBW, ಟ್ರೇಸನ್ನು ನಯ ಮಾಡುವ ವಿಡಿಯೋ ಬ್ಯಾಂಡ್‌ವಿಡ್ತ್ ಅಂದರೆ VBW, ಸ್ವೀಪ್ ಟೈಮ್ ಮೂರೂ ಆಟೋದಲ್ಲಿ ಇವೆಯಾ ಅಂತ ನೋಡಿಯೇ ಮುಂದುವರಿಯುತ್ತೇನೆ. ಎಚ್ಚರಿಕೆಯನ್ನೇ ತೋರಿಸದ ಯಂತ್ರ ಸಿಕ್ಕರೆ ಸ್ವೀಪ್ ಟೈಮ್ ಎರಡರಷ್ಟು ಮಾಡಿ ನೋಡಿ. ಪೀಕ್ ಎತ್ತರ ಏರಿದರೆ ಮೊದಲಿನದು ಅವಸರದ ಅಳತೆ.

ನಿಮ್ಮ ಮುಂದೆ ಈಗ ಏನೇನು ದಾರಿ ಇದೆ? ಮೊದಲು ಹುಡುಕಾಟಕ್ಕೆ RBW 1 ಕಿಲೋಹರ್ಟ್ಜ್, ಎಲ್ಲ ಆಟೋ. ಅರ್ಧ ಸೆಕೆಂಡಿಗೊಂದು ಸ್ವೀಪ್. 25 ಕಿಲೋಹರ್ಟ್ಜ್ ಎಡಬಲಕ್ಕೆ ಪೀಕ್‌ಗಳು ನಾಯ್ಸ್‌ಗಿಂತ 10 ಡಿಬಿ ಮೇಲೆ ನಿಂತು ಕಾಣಬೇಕು. ಬೋರ್ಡ್ ಮೇಲೆ ಕೆಪಾಸಿಟರ್ ಬದಲಿಸುತ್ತಾ, ವೈರ್ ಸರಿಸುತ್ತಾ ನೋಡೋಕೆ ಇದೇ ಅನುಕೂಲ. ಇನ್ನೂ ಸ್ವಲ್ಪ ಸ್ಪಷ್ಟ ಬೇಕಾದರೆ 300 ಹರ್ಟ್ಜ್, ಐದೂವರೆ ಸೆಕೆಂಡು.

ಸಂಖ್ಯೆ ಬರೆದುಕೊಳ್ಳುವ ಹೊತ್ತಿಗೆ ನಾನು ಮಾಡೋದು ಬೇರೆ. ಸೂತ್ರವನ್ನು ಇನ್ನೊಮ್ಮೆ ನೋಡಿ. ಅಲ್ಲಿ RBW ಒಂದೇ ಇಲ್ಲ, ಸ್ಪ್ಯಾನ್ ಕೂಡ ಇದೆ. ನಿಮಗೆ ಬೇಕಾದದ್ದು 100.025 ಮೆಗಾಹರ್ಟ್ಜ್‌ನಲ್ಲಿರುವ ಒಂದು ಪೀಕ್. ಅದಕ್ಕೆ 200 ಕಿಲೋಹರ್ಟ್ಜ್ ಯಾಕೆ ಗುಡಿಸಬೇಕು? ಸೆಂಟರ್ 100.025 ಮೆಗಾಹರ್ಟ್ಜ್, ಸ್ಪ್ಯಾನ್ 5 ಕಿಲೋಹರ್ಟ್ಜ್ ಇಡಿ. RBW 100 ಹರ್ಟ್ಜ್ ಇಟ್ಟರೂ ಸ್ವೀಪ್‌ಗೆ ಬೇಕಾಗೋದು 1.25 ಸೆಕೆಂಡು. ನೀವು ಬಲವಂತ ಮಾಡಿದ 2 ಸೆಕೆಂಡಿಗಿಂತಲೂ ಕಡಿಮೆ, ಮತ್ತು ಪೂರ್ತಿ ಸರಿಯಾದ ಅಳತೆ. ಪೀಕ್ ನಾಯ್ಸ್‌ಗಿಂತ 20 ಡಿಬಿ ಮೇಲೆ. ದೊಡ್ಡ ಪೀಕನ್ನೂ ಅದೇ ರೀತಿ 100 ಮೆಗಾಹರ್ಟ್ಜ್‌ನಲ್ಲಿ ಬೇರೆ ಸ್ವೀಪ್‌ನಲ್ಲಿ ಅಳೆದು, ಎರಡರ ವ್ಯತ್ಯಾಸ ತೆಗೆದುಕೊಳ್ಳಿ.

ಈ ದಾರಿಯಲ್ಲಿ ಒಂದು ಗುಂಡಿ ಇದೆ. ದೊಡ್ಡ ಪೀಕ್ ಪರದೆಯಿಂದ ಹೊರಗೆ ಹೋದ ಮೇಲೆ, ಸಣ್ಣದನ್ನು ಚೆನ್ನಾಗಿ ನೋಡೋಣ ಅಂತ ರೆಫರೆನ್ಸ್ ಲೆವೆಲ್ ಕೆಳಗಿಳಿಸುತ್ತೀರಿ. ಬಹಳಷ್ಟು ಯಂತ್ರಗಳಲ್ಲಿ ಅದರ ಜೊತೆಗೇ ಅಟೆನ್ಯುಯೇಟರ್ ತಾನಾಗೇ ಕಡಿಮೆಯಾಗುತ್ತೆ. ಆದರೆ ಆ −10 ಡಿಬಿಎಂ ಸಿಗ್ನಲ್ ಕೇಬಲ್‌ನಲ್ಲಿ ಬರ್ತಾನೇ ಇದೆ. ಪರದೆಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಅನಲೈಸರ್ ಒಳಗೆ ಆವರ್ತನ ಬದಲಿಸುವ ಮಿಕ್ಸರ್‌ಗೆ ತಲುಪಿಲ್ಲ ಅಂತಲ್ಲ. ಮಿಕ್ಸರ್‌ಗೆ ಹೊರೆ ಜಾಸ್ತಿ ಆದರೆ ಅಳತೆ ಕೆಡುತ್ತೆ, ಇಲ್ಲದ ಪೀಕ್‌ಗಳೂ ಹುಟ್ಟಿಕೊಳ್ಳಬಹುದು. ಅದಕ್ಕೆ ಅಟೆನ್ಯುಯೇಟರನ್ನು ಕೈಯಲ್ಲಿ 10 ಡಿಬಿಗೆ ಕಟ್ಟಿಹಾಕಿ, ಆಮೇಲೆ ರೆಫರೆನ್ಸ್ ಲೆವೆಲ್ ಮುಟ್ಟಿ.

ಇನ್ನು 10 ಹರ್ಟ್ಜ್ ಆಸೆ ಬಿಡಿ. 5 ಕಿಲೋಹರ್ಟ್ಜ್ ಸ್ಪ್ಯಾನ್‌ಗೂ 125 ಸೆಕೆಂಡು ಬೇಕು. ಅಷ್ಟು ಹೊತ್ತಲ್ಲಿ ನಿಮ್ಮ ಆಸಿಲೇಟರೇ ಬಿಸಿಯಾಗಿ ಕೆಲವು ಹರ್ಟ್ಜ್ ಸರಿದಿರುತ್ತೆ. ಸ್ವಿಚಿಂಗ್ ಸಪ್ಲೈನ 25 ಕಿಲೋಹರ್ಟ್ಜ್ ಅಂತೂ ಲೋಡ್ ಬದಲಾದಂತೆ ಅತ್ತಿತ್ತ ತೂಗಾಡುತ್ತಾ ಇರುತ್ತೆ. ಪೀಕ್ ತಾನೇ 50 ಹರ್ಟ್ಜ್ ಅಲ್ಲಾಡುತ್ತಿದ್ದರೆ 10 ಹರ್ಟ್ಜ್ ಫಿಲ್ಟರ್ ಅದನ್ನು ಒಂದು ಗೆರೆಯಾಗಿ ಹಿಡಿಯಲ್ಲ, ಹರಿದ ಟ್ರೇಸ್ ಬರುತ್ತೆ. ಎತ್ತರವೂ ಕಡಿಮೆ ಓದುತ್ತೆ, UNCAL ಎಚ್ಚರಿಕೆಯೂ ಇರಲ್ಲ. RBW ಇಳಿಸಿದಾಗ ಸರಿಯಾದ ಸ್ವೀಪ್ ಟೈಮ್‌ನಲ್ಲೂ ಪೀಕ್ ಎತ್ತರ ಇಳಿಯುತ್ತಿದ್ದರೆ ಅದೇ ಗುರುತು: ಫಿಲ್ಟರ್ ನಿಮ್ಮ ಸಿಗ್ನಲ್‌ಗಿಂತ ಕಿರಿದಾಯಿತು. ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಮಾಡ್ಯುಲೇಷನ್ ಇರುವ ಅಗಲವಾದ ಸಿಗ್ನಲ್‌ಗಳಿಗೂ ಇದೇ ಮಾತು. ಅಲ್ಲಿ RBW ಇಳಿಸಿದಷ್ಟೂ ಟ್ರೇಸ್ ಇಳಿಯುತ್ತೆ, ಚಾನೆಲ್ ಪವರ್ ಬೇರೆ ರೀತಿ ಅಳೆಯಬೇಕು.

ನಿಮಗೆ ಎಫ್‌ಎಫ್‌ಟಿ ಇರುವ ಹೊಸ ಯಂತ್ರ ಸಿಕ್ಕರೆ ಸಮಯದ ತೊಂದರೆ ಬಹಳ ಕಡಿಮೆಯಾಗುತ್ತೆ. ಅದು ಫಿಲ್ಟರನ್ನು ಸರಿಸಲ್ಲ. ಸಿಗ್ನಲನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು, ತಾನು ಒಮ್ಮೆಗೆ ಹಿಡಿಯಬಲ್ಲ ಅಗಲದಲ್ಲಿರುವ ಎಲ್ಲ ಆವರ್ತನಗಳನ್ನೂ ಒಟ್ಟಿಗೆ ಲೆಕ್ಕ ಹಾಕುತ್ತೆ. ಹಿಡಿದಿಡುವ ಹೊತ್ತು RBWಗೆ ತಿರುಗುಮುರುಗು. 100 ಹರ್ಟ್ಜ್‌ಗೆ ಹತ್ತಾರು ಮಿಲಿಸೆಕೆಂಡು ಸಾಕು. ವರ್ಗದ ಶಿಕ್ಷೆ ಅಲ್ಲಿ ಇಲ್ಲ, ಆದರೆ 10 ಹರ್ಟ್ಜ್ ಬೇಕಾದರೆ ಹತ್ತು ಪಟ್ಟು ಕಾಯೋದು ತಪ್ಪಲ್ಲ. ಫೇಸ್ ನಾಯ್ಸ್ ಸೆರಗು ಅಲ್ಲೂ ಇರುತ್ತೆ.

VBW ಬಗ್ಗೆ ಒಂದು ಮಾತು, ಯಾಕಂದರೆ ಇದರಲ್ಲಿ ಗೊಂದಲ ಜಾಸ್ತಿ. VBW ಇಳಿಸಿದರೆ ಹುಲ್ಲಿನಂಥ ನಾಯ್ಸ್ ನಯವಾದ ಗೆರೆಯಾಗುತ್ತೆ. ಅದರ ಸರಾಸರಿ ಮಟ್ಟ ಇಳಿಯಲ್ಲ, ಕುಣಿತ ಮಾತ್ರ ನಿಲ್ಲುತ್ತೆ. ನಾಯ್ಸ್ ಅಂಚಿನಲ್ಲಿರುವ ಪೀಕನ್ನು ಕಣ್ಣಿಗೆ ಕಾಣಿಸೋಕೆ ಅದು ಸಹಾಯ ಮಾಡುತ್ತೆ, ನಿಜ. ಆದರೆ ಫಿಲ್ಟರ್ ಇಳಿಜಾರಿನಲ್ಲಿ ಹೂತ ಪೀಕನ್ನು VBW ಎಷ್ಟು ಇಳಿಸಿದರೂ ಹೊರಗೆ ತೆಗೆಯೋಕಾಗಲ್ಲ. ಸಮಯವೂ ತಿನ್ನುತ್ತೆ. VBW RBWಗಿಂತ ಕಿರಿದಾದರೆ ಸೂತ್ರದ ಕೆಳಗೆ RBW ವರ್ಗದ ಬದಲು RBW × VBW ಬರುತ್ತೆ. ನಿಮ್ಮ 200 ಕಿಲೋಹರ್ಟ್ಜ್ ಸ್ಪ್ಯಾನ್, RBW 1 ಕಿಲೋಹರ್ಟ್ಜ್ ಜೊತೆ VBW 10 ಹರ್ಟ್ಜ್ ಇಟ್ಟರೆ ಮತ್ತೆ ಅದೇ 50 ಸೆಕೆಂಡು. ಮೊದಲು VBW ಅನ್ನು RBWನಷ್ಟೇ ಇಟ್ಟು ನೋಡಿ, ಆಮೇಲೆ ಬೇಕಾದರೆ ಇಳಿಸಿ.

ಕೊನೆಗೆ, ಆ ಪೀಕ್‌ಗಳು ನಿಮ್ಮ ಬೋರ್ಡ್‌ನವೇ ಅಂತ ಖಚಿತ ಮಾಡಿಕೊಳ್ಳಬೇಕು. 5 ಕಿಲೋಹರ್ಟ್ಜ್ ಸ್ಪ್ಯಾನ್‌ನಲ್ಲಿ ಪೀಕ್ ನೋಡುತ್ತಾ ಅಟೆನ್ಯುಯೇಟರ್ 10ರಿಂದ 20 ಡಿಬಿಗೆ ಏರಿಸಿ. ಮಾರ್ಕರ್ ರೀಡಿಂಗ್ ಹಾಗೇ ನಿಂತರೆ ಪೀಕ್ ಮಿಕ್ಸರ್‌ನಲ್ಲಿ ಹುಟ್ಟಿದ್ದಲ್ಲ. ಆಮೇಲೆ ಸ್ವಿಚಿಂಗ್ ಸಪ್ಲೈ ಬಿಚ್ಚಿ, ಆಸಿಲೇಟರ್‌ಗೆ ಅದೇ ವೋಲ್ಟೇಜ್‌ನ ಬ್ಯಾಟರಿ ಕೊಡಿ. ಅನಲೈಸರ್ ಸೆಟ್ಟಿಂಗ್ ಒಂದನ್ನೂ ಮುಟ್ಟಬೇಡಿ. ಎರಡು ಬದಿಯ ಪೀಕ್‌ಗಳೂ ನಾಯ್ಸ್ ಒಳಗೆ ಮುಳುಗಿದರೆ ಸೋರಿಕೆ ಸಪ್ಲೈನದೇ. ಬ್ಯಾಟರಿಯಲ್ಲೂ ಅವು ಹಾಗೇ ಉಳಿದರೆ ಸಪ್ಲೈ ಮೇಲಿನ ಅನುಮಾನ ಬಿಟ್ಟು, ಅನಲೈಸರ್‌ಗೆ ಬೇರೊಂದು ಒಳ್ಳೆಯ 100 ಮೆಗಾಹರ್ಟ್ಜ್ ಸಿಗ್ನಲ್ ಹಾಕಿ ಅದೇ ಜಾಗದಲ್ಲಿ ಪೀಕ್ ಬರುತ್ತಾ ನೋಡಿ.